ಕೂದಲಂಚಿನ ಬಿಳಿ ಗೆರೆ

ಹಸಿರು ಪರದೆ ಕಟ್ಟದೆ ತೆಗೆದ ವಿಡಿಯೊದಿಂದಲೂ ಈಗ ಮನುಷ್ಯರನ್ನಷ್ಟೇ ಬಿಡಿಸಿ ಬೇರೆ ಹಿನ್ನೆಲೆಯ ಮುಂದೆ ನಿಲ್ಲಿಸಬಹುದು. ಡಾವಿಂಚಿ ರಿಸಾಲ್ವ್‌ನ ಮ್ಯಾಜಿಕ್ ಮಾಸ್ಕ್, ಆಫ್ಟರ್ ಎಫೆಕ್ಟ್ಸ್‌ನ ರೋಟೊ ಬ್ರಷ್ ಮಾಡುವುದು ಇದನ್ನೇ. ಒಂದು ಫ್ರೇಮಿನಲ್ಲಿ ವ್ಯಕ್ತಿಯ ಮೇಲೆ ಗೆರೆ ಎಳೆದರೆ ಸಾಕು, ತಂತ್ರಾಂಶ ಮುಂದಿನ ಫ್ರೇಮುಗಳಲ್ಲೂ ಅವರನ್ನು ಹಿಂಬಾಲಿಸಿ ಮಾಸ್ಕ್ ತಯಾರಿಸುತ್ತದೆ. ಮಾಸ್ಕ್ ಎಂದರೆ ಕಪ್ಪುಬಿಳುಪಿನ ಚಿತ್ರ: ಬಿಳಿ ಇದ್ದಲ್ಲಿ ಮನುಷ್ಯ, ಕಪ್ಪು ಇದ್ದಲ್ಲಿ ಹಿನ್ನೆಲೆ.

ಭುಜ, ತೋಳುಗಳ ಅಂಚನ್ನು ಇದು ಸಲೀಸಾಗಿ ಹಿಡಿಯುತ್ತದೆ. ತೊಡಕು ಇರುವುದು ಹಾರಾಡುವ ಕೂದಲಲ್ಲಿ. ಕೂದಲೆಳೆ ಒಂದು ಪಿಕ್ಸೆಲ್‌ಗಿಂತ ತೆಳುವಾದ್ದರಿಂದ ಅದೇ ಪಿಕ್ಸೆಲ್ಲಿನೊಳಗೆ ಹಿಂದಿನ ಆಕಾಶವೂ ಬೆರೆತಿರುತ್ತದೆ. ಅಲ್ಲಿ ಮಾಸ್ಕ್ ಬಿಳಿಯೂ ಅಲ್ಲದ, ಕಪ್ಪೂ ಅಲ್ಲದ ಸರಿಯಾದ ಬೂದುಬಣ್ಣವನ್ನು ಕೊಡಬೇಕು.

ಕೊಟ್ಟರೂ ಕೆಲಸ ಮುಗಿಯುವುದಿಲ್ಲ. ಹೊಳಪನ್ನು 0ಯಿಂದ 255ರವರೆಗೆ ಅಳೆಯೋಣ. ಕೂದಲು 30, ಆಕಾಶ 230. ಒಂದು ಪಿಕ್ಸೆಲ್ಲಿನಲ್ಲಿ ಕೂದಲಿನ ಪಾಲು ಶೇ. 40 ಎಂದುಕೊಂಡರೆ ಕ್ಯಾಮೆರಾ ದಾಖಲಿಸುವುದು 12 ಮತ್ತು 138 ಕೂಡಿ 150. ಈಗ ಇದನ್ನು 20ರ ಹೊಳಪಿನ ರಾತ್ರಿ ದೃಶ್ಯದ ಮೇಲೆ ಇಡೋಣ. ಬರಬೇಕಾದದ್ದು 24. ಮಾಸ್ಕ್ ಶೇ. 40 ಎಂದು ಸರಿಯಾಗಿಯೇ ಹೇಳಿದರೂ ಆ 150ರಲ್ಲಿ ಆಕಾಶದ ಬೆಳಕು ಉಳಿದೇ ಇರುವುದರಿಂದ 72 ಬರುತ್ತದೆ. ಕೂದಲಿಗಿಂತಲೂ ಹಿನ್ನೆಲೆಗಿಂತಲೂ ಬೆಳ್ಳಗಿರುವ ಈ ಪಿಕ್ಸೆಲ್‌ಗಳೇ ಸಾಲುಗಟ್ಟಿ ತಲೆಯ ಸುತ್ತ ಗೆರೆಯಾಗಿ ಕಾಣುತ್ತವೆ. ಹೊಸ ಹಿನ್ನೆಲೆ 200ರಷ್ಟು ಬೆಳಗಿದ್ದರೆ 132 ಬರಬೇಕಾದಲ್ಲಿ 180 ಬರುತ್ತದೆ. ತಪ್ಪು ಅಷ್ಟೇ, 48. ಆದರೆ 180 ಎಂಬುದು ಕೂದಲಿಗೂ ಹಿನ್ನೆಲೆಗೂ ನಡುವೆಯೇ ಇರುವುದರಿಂದ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಬಿಸಿಲಲ್ಲಿ ಚಿತ್ರಿಸಿದವರನ್ನು ಕತ್ತಲ ದೃಶ್ಯಕ್ಕೆ ಒಯ್ಯಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಒಯ್ಯಲೇಬೇಕಿದ್ದರೆ ಅಂಚಿನಿಂದ ಹಳೆಯ ಹಿನ್ನೆಲೆಯ ಬಣ್ಣವನ್ನು ತೆಗೆಯುವ ಸೌಲಭ್ಯ ರೋಟೊ ಬ್ರಷ್‌ನಲ್ಲಿದೆ. ಅದೂ ಹಿನ್ನೆಲೆಯ ಬಣ್ಣವನ್ನು ಅಂದಾಜು ಮಾಡಿಯೇ ತೆಗೆಯುತ್ತದೆ.

ಕೈ ವೇಗವಾಗಿ ಬೀಸಿದಾಗ ಬೆರಳುಗಳು ಮಸುಕಾಗಿ ಇದೇ ಬೆರಕೆ ಇನ್ನೂ ಅಗಲವಾಗುತ್ತದೆ. ಒಂದು ಫ್ರೇಮಿನಲ್ಲಿ ಮಾಸ್ಕ್ ಆ ಮಸುಕನ್ನು ಕೈಗೆ ಸೇರಿಸುತ್ತದೆ, ಮುಂದಿನದರಲ್ಲಿ ಬಿಡುತ್ತದೆ. ನಿಲ್ಲಿಸಿ ನೋಡಿದರೆ ಎರಡೂ ಸರಿಯೆನಿಸುತ್ತವೆ, ಓಡಿಸಿದರೆ ಅಂಚು ಕುದಿಯುವಂತೆ ಕಾಣುತ್ತದೆ. ಆದ್ದರಿಂದ ಮಾಸ್ಕನ್ನಷ್ಟೇ ಪರದೆಯ ಮೇಲಿಟ್ಟು ಪೂರ್ಣ ವೇಗದಲ್ಲಿ ಓಡಿಸಿ ನೋಡಬೇಕು. ಕೈಯಲ್ಲಿ ಹಿಡಿದ ಕೊಡೆಯೋ ವೀಣೆಯೋ ಇದ್ದರೆ ಅದೂ ವ್ಯಕ್ತಿಗೆ ಸೇರಿದ್ದೆಂದು ಪ್ರತ್ಯೇಕ ಗೆರೆ ಎಳೆದು ತಿಳಿಸಬೇಕು, ಇಲ್ಲದಿದ್ದರೆ ನಡುವೆ ಎಲ್ಲೋ ಅದು ಮಾಯವಾಗಬಹುದು. ತಪ್ಪು ಮೊದಲು ಕಾಣಿಸಿದ ಫ್ರೇಮಿಗೇ ಹೋಗಿ ತಿದ್ದಬೇಕು. ಅದನ್ನು ದಾಟಿ ಮುಂದೆ ತಿದ್ದಿದರೆ ನಡುವಿನ ಫ್ರೇಮುಗಳಲ್ಲಿ ತಪ್ಪು ಉಳಿದುಬಿಡುತ್ತದೆ. ಕೈ ಬೀಸುವ ಆ ಕೆಲವು ಫ್ರೇಮುಗಳನ್ನಂತೂ ಕೈಯಾರೆ ಗೆರೆ ಎಳೆದೇ ಬಿಡಿಸುವುದು ಒಳ್ಳೆಯದು.