ಬನಹಟ್ಟಿಯ ಒತ್ತು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಬಾಗಲಕೋಟೆ ಜಿಲ್ಲೆಯ ಈ ಹೆಸರುಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಒತ್ತಕ್ಷರ ಇರುವುದು ಬನಹಟ್ಟಿಯಲ್ಲಿ ಮಾತ್ರ. ಈ ಸೀಮೆಯ ಮಗ್ಗ, ಅರಮನೆ, ಬೇಟೆನಾಯಿಗಳ ಬಗ್ಗೆ ಕನ್ನಡ-ಇಂಗ್ಲಿಷ್ ಎರಡರಲ್ಲೂ ಸಚಿತ್ರ ಲೇಖನದ ಪುಟ ಕಟ್ಟಲು ಕೂತವರು ‘ಮುಧೋಳ’ ಎಂದು ಟೈಪಿಸಿ ಫಾಂಟ್ ಆರಿಸಿದರೆ ಯಾವುದಾದರೂ ಚೆನ್ನಾಗಿಯೇ ಕಾಣುತ್ತದೆ. ಪೇಚು ಶುರುವಾಗುವುದು ಬನಹಟ್ಟಿಯಿಂದ.

‘ಟ್ಟಿ’ಯನ್ನೇ ತೆಗೆದುಕೊಳ್ಳಿ. ಮೇಲೆ ಗುಡಿಸು, ಕೆಳಗೆ ಒತ್ತು. ಇಂಗ್ಲಿಷಿನ ಯಾವ ಅಕ್ಷರವೂ ಇಷ್ಟು ಎತ್ತರ-ಆಳ ಬೇಡುವುದಿಲ್ಲ. ಒತ್ತಿಗೆ ಜಾಗ ಬಿಡಬೇಕಾದ್ದರಿಂದ ಎಷ್ಟೋ ಕನ್ನಡ ಫಾಂಟುಗಳಲ್ಲಿ ಮೂಲ ಅಕ್ಷರವೇ ಸಣ್ಣದಾಗಿರುತ್ತದೆ. ಹಾಗಾಗಿ ಕನ್ನಡಕ್ಕೂ ಇಂಗ್ಲಿಷಿಗೂ 11 ಪಾಯಿಂಟ್ ಎಂದು ಕೊಟ್ಟ ಮಾತ್ರಕ್ಕೆ ಎರಡೂ ಒಂದೇ ಗಾತ್ರ ಕಾಣುತ್ತವೆ ಎಂದೇನಿಲ್ಲ. ‘ಮುಧೋಳ’ದ ಪಕ್ಕ Mudhol ಎಂದು ಬರೆದು, ‘ಳ’ ಅಕ್ಷರದ ಎತ್ತರವನ್ನು o ಅಕ್ಷರದ ಎತ್ತರದ ಜೊತೆ ಹೋಲಿಸಬೇಕು. ಕನ್ನಡ ಅಕ್ಷರ o ಗಿಂತ ತುಸು ಎತ್ತರ, M ಗಿಂತ ತಗ್ಗು ಇದ್ದರೆ ಓದುವಾಗ ಕಣ್ಣು ಎಡವುವುದಿಲ್ಲ. ಕನ್ನಡ ಅದಕ್ಕಿಂತ ಸಣ್ಣದಾಗಿ ಕಂಡರೆ ಇಂಗ್ಲಿಷನ್ನು ಅರ್ಧ ಅಥವಾ ಒಂದು ಪಾಯಿಂಟ್ ಇಳಿಸಬೇಕು.

ಈ ಲೆಕ್ಕವನ್ನು ಮೊದಲೇ ಮಾಡಿಟ್ಟ ಫಾಂಟುಗಳೂ ಇವೆ. ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಲ್ಲಿ ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಇಂಗ್ಲಿಷ್ ಅನುವಾದ. ವನಮಾಲಾ ವಿಶ್ವನಾಥ ಅನುವಾದಿಸಿದ ರಾಘವಾಂಕನ ಹರಿಶ್ಚಂದ್ರ ಕಾವ್ಯ ಈ ಸರಣಿಯಲ್ಲಿ 2017ರಲ್ಲಿ ಬಂತು. ಈ ಮಾಲೆಗೆಂದೇ ರೂಪಿಸಿದ ಅಕ್ಷರಗಳು ಈಗ Tiro Kannada ಎಂಬ ಹೆಸರಿನಲ್ಲಿ ಉಚಿತವಾಗಿ ಸಿಗುತ್ತವೆ. ಕನ್ನಡ, ಇಂಗ್ಲಿಷ್ ಎರಡೂ ಅದರೊಳಗೇ ಇದ್ದು, ದೀರ್ಘ ಓದಿಗೆ ಹೇಳಿ ಮಾಡಿಸಿದಂತಿವೆ. ಆದರೆ ಅದರಲ್ಲಿ ಬೋಲ್ಡ್ ಇಲ್ಲ. ಬೋಲ್ಡ್ ಗುಂಡಿ ಒತ್ತಿದರೆ ಕೆಲವು ತಂತ್ರಾಂಶಗಳು ತಾವೇ ಗೆರೆಯನ್ನು ಉಬ್ಬಿಸುತ್ತವೆ. ಆ ಹುಸಿ ಬೋಲ್ಡ್ ಬೇಡ. ಎರಡನೇ ಫಾಂಟ್ ಬೇಕಾಗುವುದು ಇಲ್ಲಿ, ತಲೆಬರಹಕ್ಕೆ.

ನನ್ನ ಆಯ್ಕೆ ಮುಂಬೈನ ಏಕ್ ಟೈಪ್ ಸಂಸ್ಥೆ 2022ರಲ್ಲಿ ಹೊರತಂದ Anek Kannada. ಇದೂ ಉಚಿತ, ಇದರಲ್ಲೂ ಎರಡು ಲಿಪಿಗಳಿವೆ. ಗೆರೆಯ ದಪ್ಪವನ್ನೂ ಅಕ್ಷರದ ಅಗಲವನ್ನೂ ಹಿಗ್ಗಿಸಿ ಕುಗ್ಗಿಸಬಹುದು. ‘ರಬಕವಿ-ಬನಹಟ್ಟಿ’ ಎಂಬ ಉದ್ದನೆಯ ಹೆಸರು ಒಂದೇ ಸಾಲಿನಲ್ಲಿ ಕೂರಬೇಕಾದಾಗ ಇದರ ಬೆಲೆ ತಿಳಿಯುತ್ತದೆ. ಒಡಲಿನ ಅಕ್ಷರದಲ್ಲಿ ಗೆರೆ ದಪ್ಪ-ತೆಳುವಾಗಿ ಹರಿದರೆ, ತಲೆಬರಹದಲ್ಲಿ ಬಹುಮಟ್ಟಿಗೆ ಸಮನಾಗಿ ಸಾಗುತ್ತದೆ. ವ್ಯತ್ಯಾಸ ಇಷ್ಟು ಎದ್ದು ಕಾಣಬೇಕು. ಅಣ್ಣ-ತಮ್ಮಂದಿರಂತೆ ಹೋಲುವ ಎರಡು ಫಾಂಟ್ ಇಟ್ಟರೆ ಆಪರೇಟರ್ ಕೈತಪ್ಪಿನಿಂದ ಬದಲಾಗಿದೆ ಎಂದೇ ಓದುಗರು ತಿಳಿಯುತ್ತಾರೆ.

ಇನ್ನು ಸಾಲುಗಳ ನಡುವಿನ ಜಾಗ. ತಲೆಬರಹ ಎರಡು ಸಾಲಿನದಾದರೆ ಮೇಲೆ ‘ಬನಹಟ್ಟಿ’, ಕೆಳಗೆ ‘ಬೀಳಗಿ’ ಬರುವಂತೆ ಒಮ್ಮೆ ಬರೆದು ಪರೀಕ್ಷಿಸಬೇಕು. ಮೇಲಿನ ಒತ್ತು ಕೆಳಗಿನ ‘ಗಿ’ಯ ಗುಡಿಸಿಗೆ ತಾಗುವ ಸಂಭವ ಇಲ್ಲೇ ಹೆಚ್ಚು. 30 ಪಾಯಿಂಟ್ ಅಕ್ಷರಕ್ಕೆ 40ರ ಲೀಡಿಂಗ್‌ನಿಂದ ಶುರು ಮಾಡಿ, ತಾಗಿದರೆ ಹೆಚ್ಚಿಸುತ್ತ ಹೋಗಿ. ಒಡಲಿನಲ್ಲಿ 11ಕ್ಕೆ 17 ಇಡುತ್ತೇನೆ. ಇಂಗ್ಲಿಷಿಗೆ 14 ಸಾಕು ಎನಿಸಬಹುದು. ಆದರೆ ಎರಡು ಕಾಲಂ ಅಕ್ಕಪಕ್ಕ ನಿಂತಾಗ ಸಾಲಿಗೆ ಸಾಲು ಕೂಡದೆ ಪುಟ ಸೊಟ್ಟಗೆ ಕಾಣುತ್ತದೆ. ಇಂಗ್ಲಿಷಿಗೂ 17 ಕೊಟ್ಟು ಅದು ಸ್ವಲ್ಪ ಸಡಿಲವಾದರೂ ಸೈ ಅನ್ನುವುದೇ ಮೇಲು.

ಇಂಗ್ಲಿಷ್ ತಲೆಬರಹವನ್ನು ಪೂರ್ತಿ ದೊಡ್ಡಕ್ಷರದಲ್ಲಿ ಹಾಕುವ ಚಾಳಿ ನಮ್ಮ ಸ್ಮರಣ ಸಂಚಿಕೆಗಳಲ್ಲಿ ಬಹಳ. ದೊಡ್ಡಕ್ಷರವೇ ಇಲ್ಲದ ಕನ್ನಡ ಅದರ ಪಕ್ಕದಲ್ಲಿ ಕುಗ್ಗಿಹೋಗುತ್ತದೆ. ಮೊದಲಕ್ಷರ ಮಾತ್ರ ದೊಡ್ಡದಿರಲಿ.

ನುಡಿ, ಶ್ರೀಲಿಪಿಗಳ ಹಳೆಯ ಫಾಂಟಿನಲ್ಲಿ ಟೈಪಿಸಿದ ಬರಹ ಬಂದರೆ ಮೊದಲು ಯೂನಿಕೋಡ್‌ಗೆ ಬದಲಿಸಬೇಕು. ಆ ಫಾಂಟುಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕೂತಿರುತ್ತವೆ. ಹಾಗಾಗಿ ಪುಟಕ್ಕೆಲ್ಲ ಒಂದೇ ಫಾಂಟ್ ಕೊಟ್ಟರೆ ಇಂಗ್ಲಿಷ್ ಪದಗಳೆಲ್ಲ ಅರ್ಥವಿಲ್ಲದ ಕನ್ನಡವಾಗುತ್ತವೆ. ಯೂನಿಕೋಡ್ ಆದ ಮೇಲೂ ಇನ್‌ಡಿಸೈನ್‌ನಲ್ಲಿ World-Ready Composer ಆರಿಸದಿದ್ದರೆ ‘ಬನಹಟ್ಟಿ’ ಒಡೆದು ‘ಬನಹಟ್‌ಟಿ’ ಆಗಬಹುದು. ಹಾಗಾಗಿದೆಯೋ ಎಂದು ತಿಳಿಯಲು ಈ ಒಂದು ಪದ ಹುಡುಕಿದರೆ ಸಾಕು.

ಕೊನೆಯ ಪರೀಕ್ಷೆ ಪರದೆಯ ಮೇಲಲ್ಲ, ಮುದ್ರಿಸಲಿರುವ ಕಾಗದದ ಮೇಲೆ, ನಿಜವಾದ ಗಾತ್ರದಲ್ಲಿ. ‘ದ’ವನ್ನು ‘ಧ’ ಮಾಡುವುದು ಕೆಳಗಿನ ಒಂದು ಪುಟ್ಟ ಸೀಳು. ದಪ್ಪ ಅಕ್ಷರದ ಸಣ್ಣ ಉಪಶೀರ್ಷಿಕೆಯಲ್ಲಿ, ಶಾಯಿ ಹೀರುವ ಕಾಗದದ ಮೇಲೆ ಅದು ಮುಚ್ಚಿಕೊಂಡರೆ ಮುಧೋಳ ‘ಮುದೋಳ’ವಾಗುತ್ತದೆ. ಆಗ ಗಾತ್ರ ಹೆಚ್ಚಿಸಲು ಜಾಗವಿಲ್ಲದಿದ್ದರೆ ದಪ್ಪವನ್ನು ಒಂದು ಮೆಟ್ಟಿಲು ಇಳಿಸಿ ಮತ್ತೊಂದು ಪ್ರೂಫ್ ತೆಗೆಯಬೇಕು.