ಸಾಧನೆಯ ಹಂದರ, ಒಂದೇ ಹಾಳೆಯಲ್ಲಿ

ಹತ್ತನೇ ತರಗತಿಯಲ್ಲಿ ರೇಖಾಗಣಿತ ಓದಿದವರಿಗೆ ಪ್ರಮೇಯ ಬರೆಯುವ ಕ್ರಮ ಅಷ್ಟು ಸುಲಭವಾಗಿ ಮರೆಯುವುದಿಲ್ಲ. ಮೊದಲು ದತ್ತ, ಆಮೇಲೆ ಸಾಧನೀಯ, ನಂತರ ರಚನೆ, ಕೊನೆಗೆ ಸಾಧನೆ. ಥೇಲ್ಸ್ ಪ್ರಮೇಯದಲ್ಲಿ ತ್ರಿಭುಜದೊಳಗೆ ಹೊಸದಾಗಿ ಎರಡು ಗೆರೆ ಎಳೆದು ವಿಸ್ತೀರ್ಣಗಳನ್ನು ಹೋಲಿಸುತ್ತಿದ್ದೆವಲ್ಲ, ಆ ಗೆರೆಗಳು ರಚನೆಯ ಕೆಳಗೆ ಬರುತ್ತಿದ್ದವು. ಪ್ರಮೇಯದ ಜೀವವೆಲ್ಲ ಆ ಗೆರೆಗಳಲ್ಲೇ ಇತ್ತು. ಅವು ಹೊಳೆದರೆ ಮಿಕ್ಕಿದ್ದು ತಾನಾಗಿ ಬರುತ್ತಿತ್ತು.

ಪದವಿ ತರಗತಿಗೆ ಬಂದ ಮೇಲೆ ಈ ನಾಲ್ಕು ತಲೆಬರಹಗಳು ಕಾಣೆಯಾಗುತ್ತವೆ. ರಿಯಲ್ ಅನಾಲಿಸಿಸ್ ಪಾಠದಲ್ಲಿ ಮೇಷ್ಟ್ರು ಒಂದು ಪ್ರಮೇಯ ಮುಗಿಸಿ, ಬೋರ್ಡ್ ಒರೆಸಿ, ಇನ್ನೊಂದಕ್ಕೆ ಹೋಗುತ್ತಾರೆ. ವಿದ್ಯಾರ್ಥಿಯ ನೋಟ್ಸಿನಲ್ಲಿ ಪುಟಗಟ್ಟಲೆ ಸಾಲುಗಳು ತುಂಬುತ್ತವೆ. ಎಲ್ಲ ಸಾಲುಗಳೂ ಒಂದೇ ತೂಕದವಾಗಿ ಕಾಣುತ್ತವೆ. ಯಾವುದು ಬುದ್ಧಿ ಓಡಿಸಿದ ಸಾಲು, ಯಾವುದು ಬರೀ ಲೆಕ್ಕ ಎಂಬ ಗುರುತು ಅಲ್ಲಿರುವುದಿಲ್ಲ. ಪರೀಕ್ಷೆಗೆ ಬಾಯಿಪಾಠ ಮಾಡಿ ಹೋದವರು ನಡುವೆ ಒಂದು ಸಾಲು ಮರೆತರೆ ಅಲ್ಲೇ ನಿಂತುಬಿಡುತ್ತಾರೆ. ಹಂದರದ ಹಾಳೆ ಈ ನೋಟ್ಸಿನಿಂದ ಹೊರತೆಗೆಯುವ ಒಂದು ಪುಟ. ಏನನ್ನು ಊಹಿಸಿಕೊಂಡಿದ್ದೇವೆ, ಮುಖ್ಯ ಹೆಜ್ಜೆಗಳು ಯಾವುವು, ಯುಕ್ತಿ ಎಲ್ಲಿದೆ ಎಂಬ ಮೂರೇ ಸಂಗತಿ ಅದರಲ್ಲಿರಬೇಕು.

ಪದವಿಯಲ್ಲಿ ಗಣಿತ ಓದಿದವರೆಲ್ಲ ದಾಟಿಬಂದ ಒಂದು ಪಾಠವನ್ನೇ ತೆಗೆದುಕೊಳ್ಳೋಣ. ಪ್ರಮೇಯ ಹೀಗಿದೆ: f ಎಂಬ ಫಂಕ್ಷನ್ [a, b] ಎಂಬ ಮುಚ್ಚಿದ ಅಂತರಾಳದ ಮೇಲೆ ಅವಿಚ್ಛಿನ್ನವಾಗಿದ್ದರೆ ಅದು ಪರಿಮಿತವಾಗಿರುತ್ತದೆ. ಅಂದರೆ a ಯಿಂದ b ವರೆಗೆ, ಎರಡೂ ತುದಿಗಳನ್ನು ಸೇರಿಸಿಕೊಂಡು, ನಡುವೆ ಎಲ್ಲೂ ತುಂಡಾಗದ ಒಂದು ನಕ್ಷೆ ಎಳೆದರೆ ಅದರ ಎತ್ತರ ಅನಂತಕ್ಕೆ ಏರಿಹೋಗಲಾರದು. ಈ ಪ್ರಮೇಯಕ್ಕೆ ಅಂಟಿಕೊಂಡ ಹೆಸರುಗಳಲ್ಲಿ ಮುಖ್ಯವಾದದ್ದು ಬರ್ಲಿನ್ನಿನ ಕಾರ್ಲ್ ವೈರ್‌ಸ್ಟ್ರಾಸ್. ಅವರು ಪ್ರಕಟಿಸಿದ್ದು ಕಡಿಮೆ, ಪಾಠ ಮಾಡಿದ್ದೇ ಹೆಚ್ಚು. ಅವರ ವಿಚಾರಗಳು ಹರಡಿದ್ದು ಬಹುಪಾಲು ಶಿಷ್ಯರ ನೋಟ್ಸಿನ ಮೂಲಕ. 1878ರ ಪಾಠಗಳನ್ನು ಅಡಾಲ್ಫ್ ಹುರ್ವಿಟ್ಸ್ ಬರೆದಿಟ್ಟುಕೊಂಡ ಪ್ರತಿ ಮುಂದೆ ಪುಸ್ತಕವಾಗಿಯೇ ಅಚ್ಚಾಯಿತು.

ಈಗ ಬೋರ್ಡಿನ ಮೇಲಿನ ಸಾಧನೆ. f ಪರಿಮಿತವಲ್ಲ ಎಂದುಕೊಳ್ಳೋಣ. ಹಾಗಾದರೆ 1, 2, 3 ಹೀಗೆ ಯಾವ n ಕೊಟ್ಟರೂ f ನ ಬೆಲೆ ಅದನ್ನು ಮೀರುವ ಒಂದು ಬಿಂದು x_n ಸಿಗುತ್ತದೆ. ಈ ಬಿಂದುಗಳೆಲ್ಲ a ಮತ್ತು b ನಡುವೆಯೇ ಇರಬೇಕು. ಸೀಮಿತ ಜಾಗದಲ್ಲಿ ಲೆಕ್ಕವಿಲ್ಲದಷ್ಟು ಬಿಂದುಗಳನ್ನು ತುಂಬಿದರೆ ಅವು ಎಲ್ಲಾದರೂ ಒತ್ತೊತ್ತಾಗಿ ಸೇರಲೇಬೇಕು. ಬೊಲ್ಝಾನೊ–ವೈರ್‌ಸ್ಟ್ರಾಸ್ ಪ್ರಮೇಯ ಹೇಳುವುದು ಇದನ್ನೇ: ಅವುಗಳಲ್ಲಿ ಕೆಲವನ್ನು ಆರಿಸಿದರೆ ಆ ಉಪಾನುಕ್ರಮ c ಎಂಬ ಬಿಂದುವಿನತ್ತ ಹೋಗುತ್ತದೆ. ತುದಿಗಳೂ ಸೇರಿರುವುದರಿಂದ c ಅಂತರಾಳದ ಒಳಗೇ ಇದೆ. f ಅವಿಚ್ಛಿನ್ನವಾದ್ದರಿಂದ ಆ ಬಿಂದುಗಳಲ್ಲಿ ಅದರ ಬೆಲೆಗಳು f(c) ಎಂಬ ಒಂದು ನಿಶ್ಚಿತ ಸಂಖ್ಯೆಯತ್ತ ಸಾಗಬೇಕು. ಆದರೆ ನಾವು ಆರಿಸಿದ್ದೇ ಬೆಲೆಗಳು ಮಿತಿಯಿಲ್ಲದೆ ಏರುವಂತೆ. ಎರಡೂ ಒಟ್ಟಿಗೆ ನಡೆಯಲಾರವು. ಸಾಧನೆ ಮುಗಿಯಿತು.

ಇದನ್ನು ಹಂದರಕ್ಕೆ ಇಳಿಸುವಾಗ ಮೇಲಿನಿಂದ ಕೆಳಕ್ಕೆ ನಕಲು ಮಾಡುತ್ತ ಹೋದರೆ ಸಿಗುವುದು ನೋಟ್ಸಿನ ಚಿಕ್ಕ ಪ್ರತಿ, ಹಂದರವಲ್ಲ. ಕೊನೆಯಿಂದ ಹಿಂದಕ್ಕೆ ಓದಬೇಕು. ವೈರುಧ್ಯ ಹುಟ್ಟಿದ್ದು ಯಾವ ಎರಡು ಮಾತುಗಳ ನಡುವೆ? ಬೆಲೆಗಳು f(c) ಯತ್ತ ಹೋಗುತ್ತವೆ ಎಂಬುದು ಒಂದು, ಬೆಲೆಗಳು n ಅನ್ನು ಮೀರುತ್ತವೆ ಎಂಬುದು ಇನ್ನೊಂದು. ಎರಡನೆಯದು ನಾವೇ ಆರಿಸಿಕೊಂಡದ್ದು, ಹಾಗಾಗಿ ಅದು ಯುಕ್ತಿ. ಮೊದಲನೆಯದು ಬಂದದ್ದು ಅವಿಚ್ಛಿನ್ನತೆಯಿಂದ. ಅದಕ್ಕೆ c ಒಳಗಿರಬೇಕಿತ್ತು, ಅದು ಬಂದದ್ದು ತುದಿಗಳಿಂದ. ಹೀಗೆ ಹಿಂದಕ್ಕೆ ನಡೆದಾಗ ಹಾಳೆ ತಾನಾಗಿ ತುಂಬುತ್ತದೆ:

ದತ್ತ ಒಂದು: f ಅವಿಚ್ಛಿನ್ನ. ದತ್ತ ಎರಡು: ತುದಿಗಳು ಸೇರಿವೆ. ದತ್ತ ಮೂರು: ಅಂತರಾಳದ ಉದ್ದ ಸೀಮಿತ.
ಸಾಧನೀಯ: f ಪರಿಮಿತ.
ಯುಕ್ತಿ: ಅಲ್ಲ ಎಂದುಕೊಂಡು, ಪ್ರತಿ n ಗೂ |f(x_n)| > n ಆಗುವ x_n ಆರಿಸು.
ಹೆಜ್ಜೆ 1: ಉಪಾನುಕ್ರಮವೊಂದು c ಯತ್ತ ಹೋಗುತ್ತದೆ (ದತ್ತ ಮೂರು, ಬೊಲ್ಝಾನೊ–ವೈರ್‌ಸ್ಟ್ರಾಸ್).
ಹೆಜ್ಜೆ 2: c ಒಳಗೇ ಇದೆ (ದತ್ತ ಎರಡು).
ಹೆಜ್ಜೆ 3: ಬೆಲೆಗಳು f(c) ಯತ್ತ ಹೋಗುತ್ತವೆ (ದತ್ತ ಒಂದು). ಯುಕ್ತಿಯೊಂದಿಗೆ ವೈರುಧ್ಯ.

ಈ ಹಾಳೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಹೆಜ್ಜೆಗಳ ಪಕ್ಕದ ಆವರಣದ ಮಾತು. ಪ್ರತಿಯೊಂದು ದತ್ತಕ್ಕೂ ಅದು ಖರ್ಚಾದ ಜಾಗದ ವಿಳಾಸ ಇರಬೇಕು. ಯಾವುದಾದರೂ ದತ್ತ ಎಲ್ಲಿಯೂ ಬಳಕೆಯಾಗದೆ ಉಳಿದಿದ್ದರೆ ಎರಡರಲ್ಲಿ ಒಂದು ನಿಜ. ಒಂದೋ ನೋಟ್ಸಿನಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದೆ, ಇಲ್ಲವೇ ಈ ಸಾಧನೆಗೆ ಆ ದತ್ತ ಬೇಕಾಗಿಯೇ ಇಲ್ಲ. ಮೊದಲನೆಯದೇ ಹೆಚ್ಚು. ಈ ಸಾಧನೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಎರಡನೇ ಹೆಜ್ಜೆ. ಮೇಷ್ಟ್ರು ಅದನ್ನು ಬಾಯಲ್ಲಿ ಹೇಳಿರುತ್ತಾರೆ, ಬೋರ್ಡಿನ ಮೇಲೆ ಬರೆದಿರುವುದಿಲ್ಲ. ಪಾಠ ಕೇಳುವಾಗ ಬರೆದ ಸಾಲುಗಳಿಗಿಂತ ಹೇಳಿದ ಮಾತುಗಳನ್ನು ಅಂಚಿನಲ್ಲಿ ಗುರುತಿಸಿಕೊಳ್ಳುವುದು ಇದಕ್ಕಾಗಿಯೇ.

ವಿಳಾಸ ಸರಿಯಿದೆಯೇ ಎಂದು ನೋಡಲು ಒಂದೊಂದೇ ದತ್ತವನ್ನು ಕಿತ್ತುಹಾಕಬೇಕು. ತುದಿಯನ್ನು ಬಿಟ್ಟು 0 ಮತ್ತು 1 ರ ನಡುವೆ 1/x ತೆಗೆದುಕೊಂಡರೆ ಅದು ಅವಿಚ್ಛಿನ್ನವೇ, ಆದರೆ 0 ಯ ಹತ್ತಿರ ಮಿತಿಯಿಲ್ಲದೆ ಏರುತ್ತದೆ. ಸಾಧನೆ ಮುರಿಯುವುದು ಎರಡನೇ ಹೆಜ್ಜೆಯಲ್ಲೇ: ಬಿಂದುಗಳು 0 ಯತ್ತ ಹೋಗುತ್ತವೆ, ಆದರೆ 0 ಒಳಗಿಲ್ಲ. ಉದ್ದದ ಮಿತಿಯನ್ನು ತೆಗೆದರೆ f(x) = x ಸಾಕು, ಒಂದನೇ ಹೆಜ್ಜೆ ಬೀಳುತ್ತದೆ. ಅವಿಚ್ಛಿನ್ನತೆಯನ್ನು ತೆಗೆದರೆ ಅದೇ 1/x ಗೆ 0 ಯಲ್ಲಿ 0 ಎಂಬ ಬೆಲೆ ಕೊಟ್ಟುಬಿಡಿ. ತುದಿ ಸೇರಿತು, ಆದರೆ ಮೂರನೇ ಹೆಜ್ಜೆ ನಡೆಯದು. ಮೂರು ಪ್ರತಿ ಉದಾಹರಣೆ, ಮೂರು ಬೇರೆ ಬೇರೆ ಹೆಜ್ಜೆ. ಹಾಳೆಯ ಬೆನ್ನಿಗೆ ಇವನ್ನು ಬರೆದಿಟ್ಟುಕೊಂಡರೆ ಪ್ರಮೇಯದ ಪದಗಳು ಯಾಕೆ ಹಾಗಿವೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟಾದರೂ ಒಂದು ದತ್ತ ಹಾಳೆಗೆ ಬಂದೇ ಇಲ್ಲ. ಪ್ರಮೇಯದ ಹೇಳಿಕೆಯಲ್ಲೂ ಅದು ಕಾಣುವುದಿಲ್ಲ. ನಮ್ಮ ಬಳಿ ಭಾಗಲಬ್ಧ ಸಂಖ್ಯೆಗಳು ಮಾತ್ರ ಇವೆ ಎಂದುಕೊಳ್ಳಿ. 0 ಯಿಂದ 2 ರ ವರೆಗಿನ ಭಾಗಲಬ್ಧ ಸಂಖ್ಯೆಗಳ ಮೇಲೆ 1/(x² − 2) ಎಂಬ ಫಂಕ್ಷನ್ ನೋಡಿ. ಛೇದ ಎಲ್ಲಿಯೂ ಸೊನ್ನೆಯಾಗುವುದಿಲ್ಲ, ಯಾಕೆಂದರೆ √2 ಭಾಗಲಬ್ಧವಲ್ಲ. ಪ್ರತಿ ಬಿಂದುವಿನಲ್ಲೂ ಅದು ಅವಿಚ್ಛಿನ್ನ. ತುದಿಗಳೆರಡೂ ಇವೆ, ಉದ್ದವೂ ಸೀಮಿತ. ಆದರೂ 1.4, 1.41, 1.414 ಎಂದು ಸಾಗಿದರೆ ಛೇದ ಸೊನ್ನೆಗೆ ಹತ್ತಿರವಾಗುತ್ತ, ಫಂಕ್ಷನ್ನಿನ ಪ್ರಮಾಣ ಎಲ್ಲ ಮಿತಿಯನ್ನೂ ಮೀರುತ್ತದೆ. ಮೂರೂ ದತ್ತಗಳಿದ್ದೂ ಪ್ರಮೇಯ ಸುಳ್ಳಾಯಿತು. ಹಂದರದ ಮೇಲೆ ಬೆರಳಿಟ್ಟು ಹೋದರೆ ತಪ್ಪಿದ ಜಾಗ ಕೂಡಲೇ ಸಿಗುತ್ತದೆ: ಒಂದನೇ ಹೆಜ್ಜೆ. ಬಿಂದುಗಳು ಒತ್ತೊತ್ತಾಗಿ ಸೇರುತ್ತಿರುವುದೇನೋ ನಿಜ, ಆದರೆ ಅವು ಸೇರುವ ಕಡೆ ಸಂಖ್ಯೆಯೇ ಇಲ್ಲ, ಬರೀ ಕಿಂಡಿ. ವಾಸ್ತವ ಸಂಖ್ಯೆಗಳಲ್ಲಿ ಅಂಥ ಕಿಂಡಿಗಳಿಲ್ಲ ಎಂಬುದೇ ಆ ಅಡಗಿದ ದತ್ತ. ಅದು ಬೊಲ್ಝಾನೊ–ವೈರ್‌ಸ್ಟ್ರಾಸ್ ಹೆಸರಿನೊಳಗೆ ಸುತ್ತಿಕೊಂಡು ಬಂದಿತ್ತು. ಹಾಳೆಯಲ್ಲಿ ಯಾವುದೇ ಹಳೆಯ ಪ್ರಮೇಯದ ಹೆಸರು ಬರೆದಾಗ ಅದರ ದತ್ತಗಳೂ ಜೊತೆಗೆ ಬಂದಿವೆ ಎಂದು ಲೆಕ್ಕವಿಡಬೇಕು.

ಯುಕ್ತಿಯ ಸಾಲನ್ನು ಬರೆಯುವುದು ಇನ್ನೂ ಕಷ್ಟ. ಅದೇ ಪಾಠದ ಮುಂದಿನ ಪ್ರಮೇಯ ನೋಡಿ: ಅಂಥ ಫಂಕ್ಷನ್ ತನ್ನ ಗರಿಷ್ಠ ಬೆಲೆಯನ್ನು ಎಲ್ಲಾದರೂ ಮುಟ್ಟಿಯೇ ಮುಟ್ಟುತ್ತದೆ. ಬೆಲೆಗಳ ಕನಿಷ್ಠ ಮೇಲ್ಮಿತಿಯನ್ನು M ಎನ್ನೋಣ. f ಎಂದೂ M ಮುಟ್ಟುವುದಿಲ್ಲ ಎಂದುಕೊಂಡು ಮೇಷ್ಟ್ರು g = 1/(M − f) ಎಂದು ಬರೆಯುತ್ತಾರೆ. ನೋಟ್ಸಿನಲ್ಲಿ ಅದು ಆಕಾಶದಿಂದ ಉದುರಿದಂತೆ ಕಾಣುತ್ತದೆ. ಹಾಳೆಯಲ್ಲಿ ಅದನ್ನು ಹಾಗೇ ಇಳಿಸಿಕೊಂಡರೆ ಪ್ರಯೋಜನವಿಲ್ಲ, ಯಾಕೆ ಎಂಬ ಅರ್ಧ ಸಾಲನ್ನೂ ಸೇರಿಸಬೇಕು. ನಮ್ಮ ಕೈಯಲ್ಲಿ ಈಗಷ್ಟೇ ಸಾಧಿಸಿದ ಪರಿಮಿತತೆಯ ಪ್ರಮೇಯವಿದೆ. ಅದನ್ನು ಬಳಸಲು 'M ಗೆ ತೀರಾ ಹತ್ತಿರ ಹೋಗುವುದು' ಎಂಬುದನ್ನು 'ಮಿತಿ ಮೀರುವುದು' ಎಂಬುದಾಗಿ ಬದಲಾಯಿಸಬೇಕು. ಸಣ್ಣದನ್ನು ದೊಡ್ಡದು ಮಾಡುವ ಸುಲಭ ದಾರಿ ಅದನ್ನು ಛೇದಕ್ಕೆ ಹಾಕುವುದು. ಛೇದ ಎಂದೂ ಸೊನ್ನೆಯಾಗದ ಕಾರಣ g ಅವಿಚ್ಛಿನ್ನ, ಆದ್ದರಿಂದ K ಎಂಬ ಯಾವುದೋ ಸಂಖ್ಯೆಯನ್ನು ಅದು ಮೀರದು. ಅಂದರೆ f ಎಂದೂ M − 1/K ದಾಟದು. ಹಾಗಿದ್ದರೆ M ಕನಿಷ್ಠ ಮೇಲ್ಮಿತಿಯೇ ಅಲ್ಲ. ವೈರುಧ್ಯ.

ಸಾಧನೆಗಳನ್ನು ಹೀಗೆ ಪದರಗಳಾಗಿ ಬಿಡಿಸುವ ಯೋಚನೆ ಗಣಿತಜ್ಞರಿಗೆ ಹೊಸದಲ್ಲ. ಯೂರಿ ಲೆರಾನ್ 1983ರಲ್ಲಿ, ಲೆಸ್ಲಿ ಲ್ಯಾಂಪೋರ್ಟ್ 1995ರಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಮಂತ್ಲಿಯಲ್ಲಿ ಇದರ ಬಗ್ಗೆ ಬರೆದರು. ಲೆರಾನ್ ಮುಖ್ಯ ಹೊಳಹನ್ನು ಮೊದಲು ಹೇಳಿ ಆಮೇಲೆ ವಿವರಕ್ಕೆ ಇಳಿಯಬೇಕೆಂದರು. ಲ್ಯಾಂಪೋರ್ಟ್ ಪ್ರತಿ ಹೆಜ್ಜೆಗೂ ಸಂಖ್ಯೆ ಕೊಟ್ಟು, ಅದು ಯಾವುದನ್ನು ಆಧರಿಸಿದೆ ಎಂದು ಬರೆಯಬೇಕೆಂದರು. ವಿದ್ಯಾರ್ಥಿಯ ಒಂದು ಪುಟಕ್ಕೆ ಲ್ಯಾಂಪೋರ್ಟ್ ಕ್ರಮ ಪೂರ್ತಿಯಾಗಿ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಆಧಾರದ ಆವರಣವನ್ನು ಉಳಿಸಿಕೊಂಡರೆ ಸಾಕು.

ಹಾಳೆ ಚೆನ್ನಾಗಿದೆಯೇ ಎಂದು ತಿಳಿಯಲು ನೋಟ್ಸ್ ಮುಚ್ಚಿಟ್ಟು, ಹಾಳೆಯೊಂದನ್ನೇ ಎದುರಿಗಿಟ್ಟು, ಪೂರ್ಣ ಸಾಧನೆಯನ್ನು ಬರೆಯಬೇಕು. ಕೈ ನಿಂತ ಕಡೆ ಒಂದು ಸಾಲು ಸೇರಿಸಿ. ನೋಡದೆಯೇ ಬರೆದುಬಿಟ್ಟ ಸಾಲುಗಳನ್ನು ಹಾಳೆಯಿಂದ ತೆಗೆಯಿರಿ. 'ಸ್ಪಷ್ಟವಾಗಿ' ಎಂಬ ಪದ ಹಾಳೆಯಲ್ಲಿದ್ದರೆ ಅಲ್ಲಿ ಅನುಮಾನ ಪಡಿ. ಎಪ್ಸಿಲಾನ್‌ಗಳನ್ನು ನಾಜೂಕಾಗಿ ಹೊಂದಿಸುವುದೇ ಸಾರವಾಗಿರುವ ಸಾಧನೆಗಳಲ್ಲಿ ಮಾತ್ರ ಈ ಕ್ರಮ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ ಲೆಕ್ಕವೇ ಹಂದರ, ಅದನ್ನು ಬಿಟ್ಟರೆ ಏನೂ ಉಳಿಯದು.

ಒಂದು ಘಟಕದ ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಕಾಣುವುದು ಬೇರೆಯೇ. [a, b] ಮೇಲೆ ಅವಿಚ್ಛಿನ್ನವಾದ ಫಂಕ್ಷನ್ ಏಕರೂಪವಾಗಿಯೂ ಅವಿಚ್ಛಿನ್ನ ಎಂಬ ಪ್ರಮೇಯ ಕೆಲವು ಪಾಠಗಳ ನಂತರ ಬರುತ್ತದೆ. ಅದರ ಯುಕ್ತಿಯ ಸಾಲಿನಲ್ಲಿ ಹೀಗಿರುತ್ತದೆ: ಅಲ್ಲ ಎಂದುಕೊಂಡು, ಪ್ರತಿ n ಗೂ 1/n ಗಿಂತ ಹತ್ತಿರದ x_n, y_n ಆರಿಸು, ಆದರೆ ಅವುಗಳ ಬೆಲೆಗಳ ವ್ಯತ್ಯಾಸ ಒಂದು ನಿಶ್ಚಿತ ε ಗಿಂತ ಕಡಿಮೆಯಾಗದಿರಲಿ. ಮುಂದೆ ಅದೇ ಬೊಲ್ಝಾನೊ–ವೈರ್‌ಸ್ಟ್ರಾಸ್, ಅದೇ c, ತುದಿಗಳಿಗೂ ಅದೇ ಕೆಲಸ. ಹೊಸದಾಗಿ ಬರೆಯಬೇಕಾದದ್ದು ಒಂದೇ ಹೆಜ್ಜೆ: x_n ಹೋದಲ್ಲಿಗೇ y_n ಕೂಡ ಹೋಗುತ್ತದೆ, ಹಾಗಾಗಿ ಎರಡರ ಬೆಲೆಗಳೂ f(c) ಯತ್ತಲೇ ಸಾಗುತ್ತವೆ, ನಡುವಿನ ε ಗೆ ಜಾಗವೇ ಉಳಿಯುವುದಿಲ್ಲ.