ಅರ್ಧ ನೀರಿಗೆ ಅರ್ಧ ವೇಗ ಸಾಲದು

ದೊಡ್ಡ ಕಟ್ಟಡಗಳ ಏಸಿಯಲ್ಲಿ ಪ್ರೈಮರಿ ಪಂಪು ನೀರನ್ನು ಚಿಲ್ಲರ್ ಮೂಲಕವಷ್ಟೇ ಸುತ್ತಿಸುತ್ತದೆ. ತಣ್ಣೀರನ್ನು ಮಹಡಿಗಳಿಗೆ ಒಯ್ಯುವುದು ಸೆಕೆಂಡರಿ ಪಂಪು. ಸಾಮಾನ್ಯವಾಗಿ ವೇಗ ಬದಲಾಗುವುದು ಇದರದ್ದೇ. ಹರಿವು ಹೆಚ್ಚಿದಂತೆ ಪಂಪು ಕೊಡುವ ಹೆಡ್, ಅಂದರೆ ಮೀಟರಿನಲ್ಲಿ ಅಳೆಯುವ ಒತ್ತಡ, ಇಳಿಯುತ್ತದೆ. ಕೊಳವೆಗಳು ಕೇಳುವ ಹೆಡ್ ಏರುತ್ತದೆ. ಈ ಎರಡು ಗೆರೆಗಳು ಕೂಡುವಲ್ಲೇ ಪಂಪು ನಿಲ್ಲುತ್ತದೆ.

ಒಂದು ಲೆಕ್ಕ ಹಾಕೋಣ. ಸೆಕೆಂಡಿಗೆ 100 ಲೀಟರ್ ಹರಿಯಲು 30 ಮೀಟರ್ ಹೆಡ್ ಬೇಕು. ಅದರಲ್ಲಿ 10 ಮೀಟರನ್ನು ತುದಿಯ ಕಾಯಿಲಿನ ಬಳಿ ಸದಾ ಕಾಯ್ದಿಡಬೇಕು. ಉಳಿದ 20 ಘರ್ಷಣೆಯ ಪಾಲು. ಅದು ಹರಿವಿನ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ಅರ್ಧ ಹರಿವಿಗೆ 5ಕ್ಕಿಳಿಯುತ್ತದೆ. ಒಟ್ಟು 15. ಪಠ್ಯಪುಸ್ತಕದ ಸೂತ್ರವನ್ನೇ ನೆಚ್ಚಿಕೊಂಡವರು 7.5 ಎನ್ನುತ್ತಾರೆ! ಹಾಗಾಗಿ ನೀರಿಗೆ ಬೇಕಾದ ಶಕ್ತಿ ಎಂಟನೇ ಒಂದಲ್ಲ, ನಾಲ್ಕನೇ ಒಂದು ಪಾಲು.

ವಾಲ್ವ್ ಪೂರ್ತಿ ಮುಚ್ಚಿದಾಗ 40 ಮೀಟರ್ ತೋರಿಸುವ ಪಂಪು ಅರ್ಧ ವೇಗದಲ್ಲಿ ಕೊಡುವುದು 10 ಮೀಟರ್ ಮಾತ್ರ. ಅಷ್ಟೂ ಕಾಯ್ದಿಟ್ಟ ಒತ್ತಡಕ್ಕೇ ಸರಿಹೋಗಿ ಹರಿವಿಗೆ ಏನೂ ಉಳಿಯದು. ಬೇಕಾಗುವುದು ಸುಮಾರು 66 ಪ್ರತಿಶತ ವೇಗ.

ಸೆನ್ಸರನ್ನು ತುದಿಯ ಬದಲು ಪಂಪಿನ ಬಾಯಲ್ಲೇ ಕೂರಿಸಿ 30 ಮೀಟರ್ ಕಾಯಲು ಹೇಳಿದರೆ ಉಳಿತಾಯ ಬಹುಪಾಲು ಹೋಯಿತು. ಕಟ್ಟಡ ಖಾಲಿಯಾದ ರಾತ್ರಿಯಲ್ಲೂ ಡ್ರೈವಿನ ಪರದೆ 90 ಪ್ರತಿಶತದ ಆಸುಪಾಸಿನಲ್ಲೇ ಇದ್ದರೆ ಮೊದಲು ನೋಡಬೇಕಾದ್ದು ಆ ಸೆನ್ಸರಿನ ಜಾಗವನ್ನು.